ಹೆರಿಗೆ ಕೋಣೆಯ ಮುಂದೆ ಆರು ಸಲ

ನೆಂಟರು ಬಂದು ಹಾಲಿನಲ್ಲಿ ಕೂತಿದ್ದಾರೆ. ಅದೇ ಹೊತ್ತಿಗೆ ಮನೆಯ ಯಜಮಾನರು ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು, ಬಚ್ಚಲ ಬಾಗಿಲನ್ನು ಒಂದಿಷ್ಟೇ ತೆರೆದು ಇಣುಕುತ್ತಾರೆ. ಬಟ್ಟೆ ಇರುವ ರೂಮು ಹಾಲಿನ ಆಚೆ ಬದಿಗಿದೆ. ನೆಂಟರು ಕಾಫಿ ಮುಗಿಸಿ ಏಳುವವರೆಗೆ ಒಳಗೇ ನಿಲ್ಲಬೇಕು, ಇಲ್ಲವೇ ತಲೆ ತಗ್ಗಿಸಿ ಓಡಬೇಕು. ನಮ್ಮ ಮೂವತ್ತು–ನಲವತ್ತರ ಸೈಟುಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಹಾಲು ದೊಡ್ಡದಾಗಿಯೇ ಇರುತ್ತದೆ, ರೂಮಿಗೆ ಗಾಳಿ ಬೆಳಕೂ ಇರುತ್ತದೆ. ಒಂದೊಂದನ್ನೇ ನೋಡಿದರೆ ತಪ್ಪು ಕಾಣುವುದಿಲ್ಲ. ತಪ್ಪಿರುವುದು ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ.

ವಾಸ್ತುಶಿಲ್ಪ ಕಲಿಸುವ ಕಾಲೇಜುಗಳಲ್ಲಿ ನಾವು ಇದನ್ನು ಸರ್ಕ್ಯುಲೇಷನ್ ಎನ್ನುತ್ತೇವೆ. ಕನ್ನಡದಲ್ಲಿ ‘ಓಡಾಟ’ ಎಂಬ ಮಾತು ಇದಕ್ಕಿಂತ ಚೆನ್ನಾಗಿದೆ ಅಂತ ನನಗನ್ನಿಸುತ್ತದೆ. ಅದರಲ್ಲಿ ಕಾಲೂ ಇದೆ, ದಣಿವೂ ಇದೆ.

ನಾನು ಕಲಿಸುವುದು ಸ್ಟುಡಿಯೋದಲ್ಲಿ. ಸ್ಟುಡಿಯೋ ಅಂದರೆ ಪಾಠದ ಕೋಣೆಯಲ್ಲ, ಉದ್ದನೆಯ ಮೇಜುಗಳಿರುವ ಕೆಲಸದ ಮನೆ. ಸೆಮಿಸ್ಟರಿಗೊಂದು ಕಟ್ಟಡ ಕೊಡುತ್ತೇವೆ, ಮಕ್ಕಳು ತಿಂಗಳುಗಟ್ಟಲೆ ಅದರ ನಕ್ಷೆ ಬರೆದು ತಿದ್ದಿ ಮತ್ತೆ ಬರೆಯುತ್ತಾರೆ. ಕೊನೆಗೆ ಶೀಟುಗಳನ್ನು ಗೋಡೆಗೆ ಅಂಟಿಸಿ ನಾಲ್ಕಾರು ಜನರ ಮುಂದೆ ನಿಂತು ವಿವರಿಸಬೇಕು. ಅದಕ್ಕೆ ಜ್ಯೂರಿ ಎನ್ನುತ್ತಾರೆ. ಹಿಂದಿನ ರಾತ್ರಿ ನಿದ್ದೆಯಿಲ್ಲದ ಹುಡುಗ ಹುಡುಗಿಯರಿಗೆ ಹತ್ತು ನಿಮಿಷದಲ್ಲಿ ನಾಲ್ಕು ಬಾಯಿಂದ ಬರುವ ಟೀಕೆಯಲ್ಲಿ ಅರ್ಧ ಕಿವಿಗೆ ಬೀಳುವುದಿಲ್ಲ, ಬಿದ್ದ ಅರ್ಧ ಅಳುವಿನಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಹೇಳಲೇಬೇಕಾದ್ದು ಇದ್ದಾಗ ನಾನು ಕಾಗದ ಬರೆಯುತ್ತೇನೆ.

ಕೆಳಗಿರುವುದು ಮೂರನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಬರೆದ ಅಂಥ ಒಂದು ಕಾಗದ. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಕೊಡುತ್ತಿದ್ದೇನೆ. ಕೊಟ್ಟ ಕೆಲಸ ಹೋಬಳಿ ಊರೊಂದಕ್ಕೆ ಆರು ಹಾಸಿಗೆಯ ಪ್ರಾಥಮಿಕ ಆರೋಗ್ಯ ಕೇಂದ್ರ. ಬಯಲುಸೀಮೆಯಲ್ಲಿ ಸುಮಾರು 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಇಂಥದೊಂದು ಇರಬೇಕೆಂಬುದು ಸರ್ಕಾರದ ಲೆಕ್ಕ. ಓದುಗರು ಅವಳ ನಕ್ಷೆಯನ್ನು ರೈಲುಬೋಗಿಯಂತೆ ಕಲ್ಪಿಸಿಕೊಳ್ಳಬಹುದು. ಉದ್ದ 30 ಮೀಟರ್, ಅಗಲ 15 ಮೀಟರ್. ರಸ್ತೆ ಪಶ್ಚಿಮಕ್ಕಿದೆ, ಆ ಗಿಡ್ಡ ಬದಿಯಲ್ಲೇ ಮುಂಬಾಗಿಲು. ಬಾಗಿಲಿಂದ ಹಿಂದಿನ ಗೋಡೆಯವರೆಗೆ ನೇರ ಕಾರಿಡಾರ್, ಅದರ ಎರಡೂ ಕಡೆ ಕೋಣೆಗಳು.

*

ನೋಡಮ್ಮ,

ನಿನ್ನೆ ಜ್ಯೂರಿಯಲ್ಲಿ ನಿನ್ನ ಶೀಟು ಎಲ್ಲರಿಗೂ ಹಿಡಿಸಿತು. ಗೆರೆ ಶುದ್ಧವಾಗಿದೆ, ಕೋಣೆಗಳ ಅಳತೆ ಸರಿಯಿದೆ, ಕಂಬಗಳು ಸಾಲಿನಲ್ಲಿವೆ. ಹೊರಗಿನಿಂದ ಬಂದವರು “ಸರ್ಕ್ಯುಲೇಷನ್ ವೀಕ್” ಎಂದು ಒಂದೇ ಮಾತು ಹೇಳಿ ಮುಂದಿನ ಶೀಟಿಗೆ ಹೋದರು. ನೀನು ತಲೆಯಾಡಿಸಿದೆ. ಅರ್ಥವಾಗಿ ಆಡಿಸಿದ್ದಲ್ಲ ಅಂತ ನನಗೆ ಗೊತ್ತು. ಯಾಕೆಂದರೆ ಆ ಮಾತಿನಿಂದ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಹಾಗಾಗಿ ರಾತ್ರಿ ನಿನ್ನ ಪ್ಲಾನಿನ ಮೇಲೆ ಬಟರ್ ಪೇಪರ್ ಹಾಸಿ, ಕೆಂಪು ಪೆನ್ನು ತೆಗೆದುಕೊಂಡು, ಒಬ್ಬ ಅಜ್ಜಿಯನ್ನು ನಡೆಸಿದೆ. ಅಜ್ಜಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಬೆಳಿಗ್ಗೆ ಹತ್ತರ ಬಸ್ಸಿಗೆ ಇಳಿದು ಬಂದಿದ್ದಾಳೆ. ಪೆನ್ನು ಮೇಲೆತ್ತಬಾರದು, ಗೋಡೆ ದಾಟಬಾರದು, ಇವೆರಡೇ ನಿಯಮ. ಕೋಣೆಯ ಒಳಗಿನ ಹೆಜ್ಜೆ ಬಿಟ್ಟು ಕಾರಿಡಾರಿನ ನಡಿಗೆಯನ್ನಷ್ಟೇ ಅಳೆದೆ.

ಮುಂಬಾಗಿಲಿಂದ 3 ಮೀಟರಿಗೆ ಚೀಟಿ ಮಾಡಿಸುವ ಕೌಂಟರ್ ಇದೆ. ಅಲ್ಲಿಂದ 3 ಮೀಟರ್ ನಡೆದು ಕಾಯುವ ಜಾಗದ ಕುರ್ಚಿಯಲ್ಲಿ ಕೂತಳು. ಕರೆ ಬಂತು. ಡಾಕ್ಟರ ಕೋಣೆ ನೀನು ಬಾಗಿಲಿಂದ 21ನೆಯ ಮೀಟರಿನಲ್ಲಿ ಇಟ್ಟಿದ್ದೀಯ, ಹಾಗಾಗಿ ಇನ್ನೂ 15 ಮೀಟರ್ ಹೋದಳು. ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಲ್ಯಾಬ್ 9ನೆಯ ಮೀಟರಿನಲ್ಲಿದೆ, 12 ಮೀಟರ್ ವಾಪಸ್ ಬಂದಳು. ವರದಿ ಹಿಡಿದು ಮತ್ತೆ ಡಾಕ್ಟರ ಹತ್ತಿರ 12 ಮೀಟರ್. ಇಂಜೆಕ್ಷನ್ ಕೋಣೆಗೆ 9 ಮೀಟರ್ ಹಿಂದಕ್ಕೆ. ಅಲ್ಲಿಂದ ಔಷಧಿ ಕೌಂಟರಿಗೆ. ಅದನ್ನು ನೀನು ಉಗ್ರಾಣದ ಪಕ್ಕ ಇರಲಿ ಅಂತ ಕಟ್ಟಡದ ತುದಿಗೆ, 27ನೆಯ ಮೀಟರಿಗೆ ಹಾಕಿದ್ದೀಯ. ಮತ್ತೆ 15 ಮೀಟರ್. ಮಾತ್ರೆ ಸೆರಗಿಗೆ ಕಟ್ಟಿಕೊಂಡು ಅಲ್ಲಿಂದ ಮುಂಬಾಗಿಲಿಗೆ 27 ಮೀಟರ್.

ಕೂಡಿಸಿ ನೋಡಿದೆ, 96 ಮೀಟರ್ ಆಯಿತು. ಕಟ್ಟಡದ ಉದ್ದ 30 ಮೀಟರ್. ಮಂಡಿ ನೋವಿಗೆ ಮಾತ್ರೆ ತರಲು ಬಂದವಳು ನಿನ್ನ ಕಟ್ಟಡವನ್ನು ಮೂರು ಸಲಕ್ಕಿಂತ ಹೆಚ್ಚು ಅಳೆದು ಹೋದಳು.

ಆದರೆ ದೂರಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಹೆರಿಗೆ ಕೋಣೆಯ ಬಾಗಿಲು 18ನೆಯ ಮೀಟರಿನಲ್ಲಿದೆ. ಕೆಂಪು ಗೆರೆ ಅದರ ಮುಂದೆ ಎಷ್ಟು ಸಲ ಹಾದುಹೋಗಿದೆ ಅಂತ ಎಣಿಸಿದೆ. ಆರು ಸಲ. ಒಬ್ಬ ಅಜ್ಜಿಯದು ಆರು. ಆ ಬೆಳಿಗ್ಗೆ ನೂರು ಜನ ಬಂದರೆ ಕೆಮ್ಮುವವರು, ಜ್ವರದವರು, ಗಾಯದವರು, ಜೊತೆಗೆ ಬಂದ ಮಕ್ಕಳು ಎಲ್ಲ ಸೇರಿ ಒಬ್ಬ ಹೆಂಗಸು ನೋವು ತಿನ್ನುತ್ತಿರುವ ಕೋಣೆಯ ಮುಂದೆ ನೂರಾರು ಸಲ ದಾಟುತ್ತಾರೆ. ಪ್ರತಿ ಸಲ ಆ ಬಾಗಿಲು ತೆರೆದಾಗಲೂ ಯಾರೋ ಒಬ್ಬರ ಕಣ್ಣು ಒಳಗೆ ಹೋಗುತ್ತದೆ. ಹುಟ್ಟಿ ಗಂಟೆಯೂ ಆಗದ ಕೂಸಿನ ಹತ್ತಿರಕ್ಕೆ ಕೆಮ್ಮೂ ಹೋಗುತ್ತದೆ. ನೀನು ಆ ಬಾಗಿಲಿಗೆ ಪರದೆ ಬರೆದಿದ್ದೀಯ. ಪರದೆ ಹಾಕಬೇಕು ಅಂತ ಅನ್ನಿಸಿದ ಕೂಡಲೇ ಬಾಗಿಲು ತಪ್ಪು ಜಾಗದಲ್ಲಿದೆ ಎಂಬ ಅನುಮಾನವೂ ಬರಬೇಕಿತ್ತು.

ಇನ್ನು ಕಾಯುವ ಜಾಗ. ಇಪ್ಪತ್ತನಾಲ್ಕು ಕುರ್ಚಿ ಅಂದವಾಗಿ ಜೋಡಿಸಿದ್ದೀಯ. ಅಲ್ಲಿ ಯಾರೂ ಕೂರುವುದಿಲ್ಲ ಅಂದರೆ ನಂಬುತ್ತೀಯಾ? ನಿಮ್ಮೂರಿನ ಆಸ್ಪತ್ರೆಗೆ ಹೋಗಿ ನೋಡು. ಟೋಕನ್ ಕೈಯಲ್ಲಿದ್ದರೂ ನಮ್ಮ ಜನ ಡಾಕ್ಟರ ಬಾಗಿಲು ಕಾಣದ ಕಡೆ ಕೂರುವುದಿಲ್ಲ. ತಮ್ಮನ್ನು ದಾಟಿ ಇನ್ಯಾರೋ ಒಳಗೆ ನುಗ್ಗಿಬಿಟ್ಟಾರು ಎಂಬ ಭಯ ಒಂದು, ಹೆಸರು ಕೂಗಿದ್ದು ಕೇಳಿಸದೆ ಹೋದೀತು ಎಂಬುದು ಇನ್ನೊಂದು. ಎರಡೂ ಅನುಭವದಿಂದ ಬಂದ ಭಯಗಳೇ. ಬಾಗಿಲು 15 ಮೀಟರ್ ದೂರದಲ್ಲಿದ್ದರೆ ಹತ್ತು ನಿಮಿಷದೊಳಗೆ ಕುರ್ಚಿಗಳು ಖಾಲಿಯಾಗಿ, ಜನ ಕಾರಿಡಾರಿನಲ್ಲಿ ದಕ್ಷಿಣದ ಗೋಡೆಗೆ ಒರಗಿ ಸಾಲು ನಿಲ್ಲುತ್ತಾರೆ. ಸಾಲು ಡಾಕ್ಟರ ಬಾಗಿಲಿಂದ ಹಿಂದಕ್ಕೆ ಬೆಳೆಯುತ್ತದೆ. ಬೆಳೆದು ಎಲ್ಲಿಗೆ ಬರುತ್ತದೆ? ಹೆರಿಗೆ ಕೋಣೆಯ ಎದುರಿಗೇ.

ಈಗ ಒಂದು ಸಣ್ಣ ಕೆಲಸ ಮಾಡು. ನಿನ್ನ 1:50ರ ಪ್ಲಾನ್ ತೆಗೆದುಕೊ. ರಟ್ಟಿನಲ್ಲಿ 40 ಮಿಲಿಮೀಟರ್ ಉದ್ದ, 13 ಮಿಲಿಮೀಟರ್ ಅಗಲದ ಒಂದು ತುಂಡು ಕತ್ತರಿಸು. ಅದೇ ಸ್ಟ್ರೆಚರ್, ನಿಜದಲ್ಲಿ 2 ಮೀಟರ್ ಉದ್ದ, 65 ಸೆಂಟಿಮೀಟರ್ ಅಗಲ. ಕಾರಿಡಾರಿನಲ್ಲಿ ಜಾರಿಸುತ್ತಾ ಬಂದು ಹೆರಿಗೆ ಕೋಣೆಯ ಬಾಗಿಲಿಗೆ ತಿರುಗಿಸು. ಕಾರಿಡಾರ್ 1.8 ಮೀಟರ್, ಬಾಗಿಲು 90 ಸೆಂಟಿಮೀಟರ್. ತಿರುಗುತ್ತದೆ, ಆದರೆ ಮೂಲೆ ಉಜ್ಜಿಕೊಂಡು. ತಳ್ಳುವವರು ನಿಲ್ಲುವ ಜಾಗವನ್ನು ನಾವಿನ್ನೂ ಲೆಕ್ಕಕ್ಕೆ ಹಿಡಿದೇ ಇಲ್ಲ. ಈಗ 12 ಮಿಲಿಮೀಟರ್ ಅಗಲದ ಇನ್ನೊಂದು ಪಟ್ಟಿ ಕತ್ತರಿಸಿ ದಕ್ಷಿಣದ ಗೋಡೆಗೆ ಅಂಟಿಸು. ಅದು ಗೋಡೆಗೆ ಒರಗಿ ನಿಂತ ಜನರ ಸಾಲು. ಸ್ಟ್ರೆಚರನ್ನು ಮತ್ತೆ ತಿರುಗಿಸಿ ನೋಡು. ತಿರುಗುವುದಿಲ್ಲ. ಎತ್ತ ಹೊರಳಿಸಿದರೂ ಒಂದು ಮೂಲೆ ಚೌಕಟ್ಟಿಗೆ, ಇನ್ನೊಂದು ಮೂಲೆ ಯಾರದೋ ಹೊಟ್ಟೆಗೆ ತಗಲುತ್ತದೆ.

ಡಾಕ್ಟರ ಕೋಣೆ ದೂರವಾದ್ದರಿಂದ ಸಾಲು ಕಾರಿಡಾರಿಗೆ ಬಂತು, ಸಾಲು ಬಂದದ್ದರಿಂದ ಸ್ಟ್ರೆಚರ್ ಸಿಕ್ಕಿಕೊಂಡಿತು. ಬೇರೆ ಬೇರೆ ತಪ್ಪುಗಳ ಪಟ್ಟಿ ಮಾಡಿ ಒಂದೊಂದನ್ನೇ ತಿದ್ದುವುದಕ್ಕೆ ಹೋಗಬೇಡ ಅಂತ ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಆಸ್ಪತ್ರೆಯ ಕಾರಿಡಾರ್ 2.4 ಮೀಟರ್ ಇರಬೇಕು ಎಂಬ ನಿಯಮ ನಿನಗೆ ಗೊತ್ತು. ನಾಳೆ ಬರೀ ಗೋಡೆ ಸರಿಸಿ “ಸರ್, ಅಗಲ ಮಾಡಿದೆ” ಅಂತ ತಂದರೆ ನಾನು ನೋಡುವುದಿಲ್ಲ. ಅಗಲ ಮಾಡಿದ ಕಾರಿಡಾರಿನಲ್ಲಿ ಸಾಲು ಇನ್ನಷ್ಟು ಆರಾಮವಾಗಿ ನಿಲ್ಲುತ್ತದೆ, ಅಷ್ಟೇ.

ನಿನ್ನ ಕಾರಿಡಾರಿನ ಪೂರ್ವದ ತುದಿಗೆ ಗೋಡೆಯಿದೆ. ಎರಡೂ ಬದಿಗೆ ಕೋಣೆ, ತುದಿಗೆ ಗೋಡೆ, ಅಂದರೆ ಬೆಳಕು ಬರುವುದು ಮುಂಬಾಗಿಲಿಂದ ಮಾತ್ರ. ಅದು ನಾಲ್ಕಾರು ಮೀಟರ್ ಒಳಗೆ ಬಂದು ಸೋಲುತ್ತದೆ. ಹಳ್ಳಿಯ ಕರೆಂಟನ್ನು ನೆನೆಸಿಕೊಂಡು ಆ 30 ಮೀಟರನ್ನು ಹಗಲಲ್ಲೇ ಒಮ್ಮೆ ಮನಸ್ಸಿನಲ್ಲಿ ನಡೆದು ನೋಡು. ಮುಂದಿನ ಕೋಣೆಯಲ್ಲಿ ಬೆಂಕಿಯೋ ಹೊಗೆಯೋ ಎದ್ದರೆ ಹಿಂದಿನ ವಾರ್ಡಿನಲ್ಲಿ ಮಲಗಿದವರು ಹೋಗುವುದೆಲ್ಲಿಗೆ? ಆ ಹೊಗೆಯೊಳಗೇ.

ನೀನು ಜ್ಯೂರಿಯಲ್ಲಿ ಒಂದು ಮಾತು ಹೇಳಿದೆ, ಈ ಕಾರಿಡಾರ್ ಒಂದು ‘ಒಳಬೀದಿ’, ಬೆಂಗಳೂರಿನ ಐಐಎಂ ನೋಡಿ ಹೊಳೆದದ್ದು ಅಂತ. ಅಲ್ಲಿಗೆ ಕರೆದುಕೊಂಡು ಹೋದವನು ನಾನೇ ಆದ್ದರಿಂದ ಉತ್ತರಿಸುವ ಹೊಣೆಯೂ ನನ್ನದೇ. ಬಿ.ವಿ. ದೋಶಿಯವರು ಫತೇಪುರ್ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಓಣಿಗಳನ್ನು ಮಾಡಿದರು. ಕಲ್ಲಿನ ಗೋಡೆ, ಒಂದು ಕಡೆ ಸೂರು, ಇನ್ನೊಂದು ಕಡೆ ಬರೀ ತೊಲೆಗಳ ನೆರಳು, ಅಲ್ಲಲ್ಲಿ ಬಯಲು, ಬಳ್ಳಿ. ಆದರೆ ಅಲ್ಲಿ ನಡೆಯುವವರು ಯಾರು? ಒಂದು ತರಗತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಹುಡುಗರು. ದಾರಿಯಲ್ಲಿ ನಿಂತು ವಾದ ಮಾಡಲಿ ಅಂತಲೇ ಆ ದಾರಿಯನ್ನು ಉದ್ದ ಮಾಡಿದ್ದು. ಜ್ವರ ಬಂದವನಿಗೆ ನಿಂತು ಮಾತಾಡುವುದು ಬೇಡ. ಅಲ್ಲದೆ ಆ ಓಣಿಗೆ ಆಕಾಶವಿದೆ, ನಿನ್ನದಕ್ಕೆ ಟ್ಯೂಬ್‌ಲೈಟ್ ಇದೆ. ನೀನು ಅಲ್ಲಿಂದ ತಂದದ್ದು ಉದ್ದವನ್ನು ಮಾತ್ರ.

ಹಾಗಂತ ಕೋಣೆಯೊಳಗಿಂದ ಕೋಣೆಗೆ ಹೋಗುವುದು, ಎಲ್ಲರೂ ಒಂದೇ ದಾರಿ ತುಳಿಯುವುದು ಯಾವಾಗಲೂ ತಪ್ಪು ಅಂತ ತಿಳಿಯಬೇಡ. ನಿಮ್ಮ ಅಜ್ಜಿಯ ತೊಟ್ಟಿಮನೆಯಲ್ಲಿ ಕಾರಿಡಾರ್ ಎಲ್ಲಿತ್ತು? ತೊಟ್ಟಿಯ ಸುತ್ತಲಿನ ಪಡಸಾಲೆಯೇ ದಾರಿ. ಅಲ್ಲೇ ಅಕ್ಕಿ ಆರಿಸುವುದು, ಅಲ್ಲೇ ಮಗುವಿಗೆ ಎಣ್ಣೆ ಹಚ್ಚುವುದು, ಅಲ್ಲಿಂದಲೇ ಅಡುಗೆಮನೆಗೆ, ಹಿತ್ತಿಲಿಗೆ ಹೋಗುವುದು. ಯಾರು ಯಾರನ್ನು ದಾಟಿ ಹೋದರೂ ಎಲ್ಲರೂ ಮನೆಯವರೇ. ಇಂಗ್ಲೆಂಡಿನಲ್ಲೂ ಹದಿನಾರನೆಯ ಶತಮಾನದ ಕೊನೆಯವರೆಗೆ ದೊಡ್ಡ ಮನೆಗಳಲ್ಲಿ ಒಂದು ಕೋಣೆಯನ್ನು ಹಾದೇ ಇನ್ನೊಂದಕ್ಕೆ ಹೋಗುತ್ತಿದ್ದರು. ರಾಬಿನ್ ಇವಾನ್ಸ್ ಎಂಬ ಇತಿಹಾಸಕಾರ 1978ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದನ್ನೆಲ್ಲ ನಕ್ಷೆಗಳಿಂದಲೇ ಓದಿ ತೋರಿಸಿದ್ದಾನೆ. ಕಾರಿಡಾರ್ ಬಂದದ್ದು ಆಳುಗಳು ಯಜಮಾನರ ಕಣ್ಣಿಗೆ ಬೀಳದೆ ಓಡಾಡಲಿ ಅಂತಲೂ ಹೌದು. ಲೈಬ್ರರಿಯಲ್ಲಿದೆ, ಓದು. ನಿನ್ನ ಆರೋಗ್ಯ ಕೇಂದ್ರದಲ್ಲಿ ಓಡಾಡುವವರು ಒಂದೇ ಮನೆಯವರಲ್ಲ. ಒಬ್ಬರನ್ನೊಬ್ಬರು ದಾಟಲೇಬಾರದವರು ಅಲ್ಲಿದ್ದಾರೆ. ಅದಕ್ಕೇ ಅಲ್ಲಿ ದಾರಿಯನ್ನು ಬೇರೆ ಮಾಡಬೇಕು.

ತಪ್ಪು ಎಲ್ಲಿಂದ ಶುರುವಾಯಿತು ಅಂತ ನಿನ್ನ ಹಳೆಯ ಹಾಳೆಗಳನ್ನು ತಿರುವಿ ನೋಡಿದೆ. ಎರಡನೆಯ ವಾರದ ಹಾಳೆಯಲ್ಲಿ ಸಿಕ್ಕಿತು. ನೀನು ಮೊದಲು ಕೋಣೆಗಳ ಅಳತೆ ಪಟ್ಟಿ ಮಾಡಿದೆ. ಆಮೇಲೆ ಎಲ್ಲವೂ ಎರಡು ಸಾಲಿನಲ್ಲಿ ಸರಿಯಾಗಿ ಕೂರುವಂತೆ ದೊಡ್ಡದು ಚಿಕ್ಕದು ಜೋಡಿಸಿದೆ, ಪೆಟ್ಟಿಗೆಯಲ್ಲಿ ಲಡ್ಡು ತುಂಬಿದ ಹಾಗೆ. ನಡುವೆ ಉಳಿದ ಸಂದಿಗೆ ಕಾರಿಡಾರ್ ಅಂತ ಹೆಸರಿಟ್ಟೆ. ಶೀಟಿನ ಮೂಲೆಯಲ್ಲಿ ‘ಸರ್ಕ್ಯುಲೇಷನ್ ಕೇವಲ 12%’ ಅಂತ ಹೆಮ್ಮೆಯಿಂದ ಬರೆದಿದ್ದೀಯ. ಲೆಕ್ಕ ಸರಿ, 450 ಚದರ ಮೀಟರಿನಲ್ಲಿ 54 ಚದರ ಮೀಟರ್. ಆದರೆ ಸಾಲು ನಿಲ್ಲುವ ಜಾಗ ಅದರೊಳಗೇ ಬಂತು, ಕಾಯುವ ಕೋಣೆ ಖಾಲಿ ಬಿತ್ತು. ಉಳಿಸಿದ್ದೇನು?

ಮುಂದಿನ ಸೋಮವಾರಕ್ಕೆ ಹೊಸ ಪ್ಲಾನ್ ಬೇಡ. ಈ ಕೋಣೆಗಳನ್ನೇ ಇಟ್ಟುಕೊಂಡು ಬಾಗಿಲುಗಳ ಜಾಗ ಮಾತ್ರ ಬದಲಿಸಿ ನೋಡು. ಹೊರರೋಗಿಗಳಿಗೆ ಬೇಕಾದ್ದೆಲ್ಲ ಮುಂಬಾಗಿಲಿಂದ 12 ಮೀಟರಿನೊಳಗೆ ಬರಲಿ. ಚೀಟಿ ಕೌಂಟರ್ 3ರಲ್ಲಿ, ಅದರ ಎದುರಿಗೇ ಔಷಧಿ ಕೌಂಟರ್. ಮನೆಗೆ ಹೋಗುವಾಗ ಕೊನೆಗೆ ಮುಟ್ಟುವುದು ಅದನ್ನೇ ತಾನೆ, ಅದು ಬಾಗಿಲ ಹತ್ತಿರವೇ ಇರಬೇಕು. ಕಾಯುವ ಜಾಗ 6ರಲ್ಲಿ, ಡಾಕ್ಟರು 9ರಲ್ಲಿ. ಕುರ್ಚಿಯಲ್ಲಿ ಕೂತವರಿಗೆ ಡಾಕ್ಟರ ಬಾಗಿಲು ನೇರವಾಗಿ ಕಾಣಲಿ. ಲ್ಯಾಬ್, ಇಂಜೆಕ್ಷನ್ ಎದುರುಬದುರಾಗಿ 12ರಲ್ಲಿ. ಅಜ್ಜಿಯನ್ನು ಮತ್ತೆ ನಡೆಸಿದೆ. ಮೂರು, ಮೂರು, ಮೂರು ಅಂತ ಸಣ್ಣ ಸಣ್ಣ ಹೆಜ್ಜೆ. ಔಷಧಿಗೆ ಮಾತ್ರ 9, ಅಲ್ಲಿಂದ ಬಾಗಿಲಿಗೆ 3. ಒಟ್ಟು 30 ಮೀಟರ್.

ಹೆರಿಗೆ ಕೋಣೆ, ವಾರ್ಡು ಪೂರ್ವದ ತುದಿಗೆ ಹೋಗಲಿ. ತುದಿಯ ಗೋಡೆ ಒಡೆದು ಅಲ್ಲೊಂದು ಬಾಗಿಲು ಇಡು, 108 ಆಂಬುಲೆನ್ಸ್ ಸುತ್ತಿಕೊಂಡು ಅಲ್ಲಿಗೇ ಬರಲಿ. ಬೆಳಕು ಬಂತು, ಎರಡನೆಯ ದಾರಿಯೂ ಆಯಿತು, ಸ್ಟ್ರೆಚರಿಗೆ ಸಾಲಿನ ಕಾಟವೂ ತಪ್ಪಿತು. ಇಷ್ಟು ಮಾಡಿದ ಮೇಲೆ ಕಾರಿಡಾರ್ ಅಗಲ ಮಾಡು. ದಕ್ಷಿಣದ ಕೋಣೆಗಳ ಆಳ 6.6 ಮೀಟರಿನಿಂದ 6 ಮೀಟರಿಗೆ ಇಳಿದರೆ 2.4 ಸಿಗುತ್ತದೆ. ಹೆರಿಗೆ ಕೋಣೆಗೆ ಎರಡು ಬಾಗಿಲಿನ ಒಂದೂವರೆ ಮೀಟರ್ ಚೌಕಟ್ಟು ಹಾಕು. ನಿನ್ನ 12% ಈಗ 16% ಆಗುತ್ತದೆ. ಆಗಲಿ.

ಇದನ್ನು ಹಾಗೇ ನಕಲು ಮಾಡಿಕೊಂಡು ಬರಬೇಡ. ನಾನು ಒಬ್ಬ ಅಜ್ಜಿಯನ್ನು ಮಾತ್ರ ನಡೆಸಿದ್ದೇನೆ. ಆ ಕಟ್ಟಡದಲ್ಲಿ ಇನ್ನೂ ಯಾರು ಯಾರು ನಡೆಯುತ್ತಾರೆ ಅಂತ ನೀನು ಯೋಚಿಸಿ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆನ್ನು ಹಿಡಿದು ನಡೆಸಿಕೊಂಡು ಬಾ.

*

ಕಾಗದ ಇಲ್ಲಿಗೆ ಮುಗಿಯಿತು. ಗೆರೆ ಎಳೆದು ನೋಡುವ ಈ ಉಪಾಯ ನನ್ನದಲ್ಲ. ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಾಂಡರ್ ಕ್ಲೈನ್ ಎಂಬ ವಾಸ್ತುಶಿಲ್ಪಿ 1928ರ ಹೊತ್ತಿಗೇ ಮನೆಯ ನಕ್ಷೆಗಳ ಮೇಲೆ ಹೀಗೆ ಓಡಾಟದ ಗೆರೆಗಳನ್ನು ಎಳೆದು, ಎಲ್ಲಿ ಒಂದನ್ನೊಂದು ಕತ್ತರಿಸುತ್ತವೆ ಎಂದು ತೋರಿಸಿದ್ದ. ಗೆರೆಗಳೇ ಕೂಡದ ಮನೆ ಒಳ್ಳೆಯ ಮನೆ ಎಂಬುದು ಅವನ ನಂಬಿಕೆ. ಅದನ್ನು ನಾನು ಒಪ್ಪುವುದಿಲ್ಲ. ಯಾರೂ ಯಾರಿಗೂ ಎದುರಾಗದ ಮನೆ ಲಾಡ್ಜಿನಂತಿರುತ್ತದೆ. ಆದರೆ ಗೆರೆ ಎಳೆಯುವುದಕ್ಕೆ ಬಟರ್ ಪೇಪರೇ ಬೇಕೆಂದಿಲ್ಲ. ಮನೆ ಕಟ್ಟಿಸುವವರು ಇಂಜಿನಿಯರ್ ಕೊಟ್ಟ ಪ್ಲಾನಿನ ಜೆರಾಕ್ಸ್ ಮೇಲೆ, ಬಚ್ಚಲಿನಿಂದ ರೂಮಿಗೆ, ಅಡುಗೆಮನೆಯಿಂದ ಬಟ್ಟೆ ಒಣಗಿಸುವ ತಾರಸಿಗೆ, ಮುಂಬಾಗಿಲಿಂದ ಗ್ಯಾಸ್ ಸಿಲಿಂಡರ್ ಇಡುವ ಜಾಗಕ್ಕೆ ಒಂದೊಂದು ಗೆರೆ ಎಳೆದು ನೋಡಬಹುದು. ಗೆರೆ ಸೋಫಾದ ಮುಂದೆ ಹಾದುಹೋದರೆ ಇಟ್ಟಿಗೆ ಇಳಿಸುವ ಮೊದಲೇ ಗೊತ್ತಾಗುತ್ತದೆ. ಕಟ್ಟಿದ ಮೇಲೆ ಸೋಫಾ ಸರಿಸಬಹುದು, ಬಾಗಿಲು ಸರಿಸಲಾಗುವುದಿಲ್ಲ.

ಸೋಮವಾರ ಅವಳು ಬಂದಳು. ಕಾಗದದಲ್ಲಿದ್ದಂತೆ ಬಾಗಿಲುಗಳನ್ನು ಸರಿಸಿದ್ದಳು, ಅದರ ಮೇಲೆ ನಾಲ್ಕು ಬಣ್ಣದ ಗೆರೆಗಳಿದ್ದವು. ಕೆಂಪು ಗೆರೆ ಅಜ್ಜಿಯದು, 30 ಮೀಟರ್. ಹಸಿರು ಔಷಧಿ ಕೊಡುವವರದು. ಅದನ್ನು ನೋಡಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ನಾನು ಔಷಧಿ ಕೌಂಟರನ್ನು ಬಾಗಿಲಿಗೆ ತಂದಿದ್ದೆ, ಉಗ್ರಾಣವನ್ನು ತುದಿಯಲ್ಲೇ ಮರೆತಿದ್ದೆ. ಹಸಿರು ಗೆರೆ 24 ಮೀಟರ್ ಓಡಿ ಹೆರಿಗೆ ಕೋಣೆಯನ್ನು ದಾಟಿಯೇ ಉಗ್ರಾಣ ಮುಟ್ಟುತ್ತಿತ್ತು. “ರೋಗಿಗಳು ನೂರು ಜನ, ಇವರು ದಿನಕ್ಕೆ ಎರಡು ಸಲ ಹೋಗ್ತಾರೆ ಅಷ್ಟೇ ಅಲ್ವಾ ಸರ್” ಎಂದು ನನ್ನ ಪರವಾಗಿ ಅವಳೇ ವಾದಿಸಿ, ಆಮೇಲೆ ಕೌಂಟರಿನ ಹಿಂದೆ ಒಂದು ವಾರದ ಔಷಧಿ ಹಿಡಿಸುವ ಸಣ್ಣ ಕೋಣೆ ತೋರಿಸಿದಳು. ಡಾಕ್ಟರ ಕೋಣೆ ಬಾಗಿಲಿಗೆ ಹತ್ತಿರ ಬಂದದ್ದರಿಂದ ಗಲಾಟೆ ಜಾಸ್ತಿಯಾಗುತ್ತದೆ ಎಂಬುದನ್ನೂ ಬರೆದುಕೊಂಡಿದ್ದಳು. ಅದಕ್ಕೆ ಅವಳ ಹತ್ತಿರ ಪರಿಹಾರವಿರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಸದ್ಯಕ್ಕೆ ಅದು ತೆರಬೇಕಾದ ಬೆಲೆ.

ನಾಲ್ಕನೆಯ ಗೆರೆ ಕಪ್ಪು. ಅದು ರಾತ್ರಿಯದು. ಶನಿವಾರ ಅವಳು ತನ್ನ ಚಿಕ್ಕಮ್ಮನ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಸಂಜೆಯಿಂದ ಕತ್ತಲಾಗುವವರೆಗೆ ಕೂತಿದ್ದಳಂತೆ. ಹೊರರೋಗಿಗಳೆಲ್ಲ ಹೋದ ಮೇಲೆ ಇಡೀ ಕಟ್ಟಡದಲ್ಲಿ ಉಳಿದದ್ದು ಒಬ್ಬರೇ ನರ್ಸು, ಇಬ್ಬರು ಬಾಣಂತಿಯರು. ನರ್ಸಿನ ಮೇಜು ವಾರ್ಡಿನ ಹತ್ತಿರ ಇರಲೇಬೇಕು. ನಮ್ಮ ಹೊಸ ಪ್ಲಾನಿನಲ್ಲಿ ಅಲ್ಲಿಂದ ಮುಂಬಾಗಿಲು 25 ಮೀಟರ್ ದೂರ. ರಾತ್ರಿ ಹನ್ನೊಂದಕ್ಕೆ ಹಾವು ಕಚ್ಚಿದವನನ್ನು ಬೈಕಿನ ನಡುವೆ ಕೂರಿಸಿಕೊಂಡು ಬರುವವರು ತಮಗೆ ಗೊತ್ತಿರುವ ಬಾಗಿಲಿಗೇ ಬರುತ್ತಾರೆ, ರಸ್ತೆಯ ಕಡೆಯದಕ್ಕೆ. ಅದು ಬೀಗ ಹಾಕಿರುತ್ತದೆ. ತೆರೆದಿಟ್ಟರೆ ಒಬ್ಬಳೇ ಇರುವ ನರ್ಸು ಕಣ್ಣಿಗೆ ಕಾಣದ ಬಾಗಿಲನ್ನು ರಾತ್ರಿಯಿಡೀ ತೆರೆದಿಟ್ಟುಕೊಂಡು ಕೂರಬೇಕು.

“ರಾತ್ರಿ ಹಿಂದಿನ ಬಾಗಿಲೇ ಮುಂಬಾಗಿಲು ಆಗ್ಬೇಕು ಸರ್” ಎಂದಳು. ನರ್ಸಿನ ಮೇಜನ್ನು ಪೂರ್ವದ ಬಾಗಿಲಿಗೆ ಎದುರಾಗಿ ತಿರುಗಿಸಿದ್ದಳು, ನಡುವೆ ಗಾಜಿನ ಕಿಟಕಿ ಇಟ್ಟಿದ್ದಳು. ಕಪ್ಪು ಗೆರೆ ರಸ್ತೆಯಿಂದ ಶುರುವಾಗಿ, ಬೀಗ ಹಾಕಿದ ಬಾಗಿಲ ಮುಂದೆ ಒಂದು ಚುಕ್ಕೆಯಾಗಿ ನಿಂತು, ಆಮೇಲೆ ಕಟ್ಟಡದ ಉತ್ತರದ ಗೋಡೆಯ ಪಕ್ಕದಲ್ಲಿ ಸುತ್ತಿ ಹಿಂದಕ್ಕೆ ಹೋಗಿತ್ತು. ಆ ಚುಕ್ಕೆಯ ಪಕ್ಕ ಪೆನ್ಸಿಲಿನಲ್ಲಿ ‘ಬೆಲ್? ಲೈಟು?’ ಎಂದು ಬರೆದಿತ್ತು. ಬೀದಿದೀಪದ ಕಂಬ ಸೈಟಿನ ಯಾವ ಮೂಲೆಯಲ್ಲಿದೆ ಎಂದು ಕೇಳಿದೆ. ಸರ್ವೆ ಶೀಟು ತರಲು ಲಾಕರಿಗೆ ಹೋದಳು.